ಕ್ಯಾಲೆಂಡರಿನಲ್ಲಿ ಒಂದೂವರೆ ಗಂಟೆ

ಕೆಲಸಕ್ಕೆ ಹೋಗುವವರ ಸಮಯದ ಬಗ್ಗೆ ಮಾತಾಡಿ ಎಂದಿದ್ದಾರೆ. ದೊಡ್ಡ ವಿಷಯ. ನಾನು ಅದರ ಒಂದು ತುಣುಕನ್ನಷ್ಟೇ ಎತ್ತಿಕೊಳ್ಳುತ್ತೇನೆ: ದಿನವೆಲ್ಲ ಮೀಟಿಂಗಿನಲ್ಲೇ ಕಳೆಯುವ ಮ್ಯಾನೇಜರು, ಕೂತು ಯೋಚಿಸಬೇಕಾದ ಕೆಲಸಕ್ಕೆ ಜಾಗ ಮಾಡಿಕೊಳ್ಳುವುದು ಹೇಗೆ?

ನಾನು ಪುಣೆಯಲ್ಲಿ ಹನ್ನೊಂದು ಜನರ ಸಾಫ್ಟ್‌ವೇರ್ ತಂಡ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ತಂಡದ ಹುಡುಗಿಯೊಬ್ಬಳ ಬಡ್ತಿಗೆ ಶಿಫಾರಸು ಬರೆಯಬೇಕಿತ್ತು. ಎರಡೇ ಪುಟ. ಆದರೆ ಅವಳು ವರ್ಷವಿಡೀ ಮಾಡಿದ ಕೆಲಸ ತೆಗೆದು ನೋಡಿ, ಅವಳ ಮುಖವನ್ನೇ ಕಾಣದ ಸಮಿತಿಗೆ ಮನದಟ್ಟಾಗುವಂತೆ ಬರೆಯಲು ಮೂರು ಗಂಟೆಯಾದರೂ ಬೇಕು. ಕ್ಯಾಲೆಂಡರ್ ತೆರೆದು ಎಣಿಸಿದೆ. ವಾರದ 45 ಗಂಟೆಯಲ್ಲಿ ಮೀಟಿಂಗಿಗೆ 27, ಉಳಿದದ್ದು 18. ಸಾಕಲ್ಲ ಅನ್ನಿಸಬಹುದು. ಆದರೆ ಆ 18 ಗಂಟೆ ಬಹುಪಾಲು ಅರ್ಧರ್ಧ ಗಂಟೆಯ ಚೂರುಗಳು. ಒಂದೂವರೆ ಗಂಟೆ ಒಟ್ಟಿಗೆ ಸಿಗುವ ಜಾಗ ಇಡೀ ವಾರದಲ್ಲಿ ಒಂದೇ, ಅದೂ ಶುಕ್ರವಾರ ಸಂಜೆ.

ಚೂರುಗಳಲ್ಲಿ ಏಕೆ ಆಗುವುದಿಲ್ಲ? ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಬರೆದಿದ್ದಾರೆ: ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದರೂ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಫೋನ್ ಎತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾಗಿ ನಾನು ಮೀಟಿಂಗ್ ಕಡಿಮೆ ಮಾಡಲು ಹೋಗಲಿಲ್ಲ, ಜರುಗಿಸಿದೆ. ನಮ್ಮ ತಂಡದ ದಿನನಿತ್ಯದ ಸ್ಟ್ಯಾಂಡ್‌ಅಪ್ ಬೆಳಿಗ್ಗೆ ಹತ್ತೂವರೆಗೆ ಇತ್ತು. ಹದಿನೈದೇ ನಿಮಿಷದ್ದು, ಆದರೆ ಬೆಳಗನ್ನು ಎರಡು ಹೋಳು ಮಾಡುತ್ತಿತ್ತು. ತಂಡವನ್ನು ಕೇಳಿ ಅದನ್ನು ಊಟಕ್ಕೆ ಮುಂಚೆ, ಹನ್ನೆರಡೂ ಮುಕ್ಕಾಲಿಗೆ ಹಾಕಿದೆವು. ಹಸಿವಾಗಿರುವುದರಿಂದ ಬೇಗವೂ ಮುಗಿಯುತ್ತದೆ! ಒಬ್ಬೊಬ್ಬರ ಜೊತೆಗಿನ ಮಾತುಕತೆಗಳೆಲ್ಲ ಮಂಗಳವಾರ, ಗುರುವಾರ ಮಧ್ಯಾಹ್ನ ಒಂದರ ಹಿಂದೊಂದು. ಅಷ್ಟಕ್ಕೇ ಸೋಮವಾರ, ಬುಧವಾರ, ಶುಕ್ರವಾರ ಒಂಬತ್ತೂವರೆಯಿಂದ ಹನ್ನೊಂದು ಖಾಲಿಯಾಯಿತು.

ಖಾಲಿ ಇದ್ದದ್ದನ್ನು ಕಂಡರೆ ಯಾರಾದರೂ ಬಂದು ಕೂರುತ್ತಾರೆ, ರೈಲಿನ ಸೀಟಿನಂತೆ. ಗೂಗಲ್ ಕ್ಯಾಲೆಂಡರಿನ ಕಚೇರಿ ಖಾತೆಗಳಲ್ಲಿ Focus time ಎಂಬ ಆಯ್ಕೆ ಇದೆ, ಆ ಹೊತ್ತಿಗೆ ಬರುವ ಮೀಟಿಂಗನ್ನು ತಾನೇ ನಿರಾಕರಿಸುವಂತೆಯೂ ಮಾಡಬಹುದು. ಆದರೆ ಬರೀ ಆ ಹೆಸರಿದ್ದರೆ "ಬಿಡುವಾಗಿದ್ದೀರಲ್ಲ" ಎಂದೇ ಕೇಳುತ್ತಾರೆ. ನಾನು ಅಲ್ಲಿ ಕೆಲಸದ ಹೆಸರನ್ನೇ ಬರೆಯುತ್ತೇನೆ: "ಮುಂದಿನ ತ್ರೈಮಾಸಿಕದ ಯೋಜನೆ, ಕರಡು". ಗುಟ್ಟಿನ ಕೆಲಸವಾದರೆ "ಬರಹ, ಶುಕ್ರವಾರ ಕೊಡಬೇಕು".

ಇನ್ನು ನಡುವೆ ಬಂದು ಕೇಳುವವರು. ಒಂದು ವಾರ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ: ಯಾರು, ಏನು, ಹನ್ನೆರಡರ ತನಕ ಕಾಯಬಹುದಿತ್ತೇ? ಒಟ್ಟು 41. ಕಾಯಲಾಗದವು 6. ಉಳಿದ 35ರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯವು: "ಮೇಡಂ, ಅಪ್ರೂವ್ ಮಾಡಿ." ಅಂದರೆ ಅವರು ತೊಂದರೆ ಕೊಡುತ್ತಿರಲಿಲ್ಲ, ಒಪ್ಪಿಗೆಯ ಕೀಲಿ ನನ್ನೊಬ್ಬಳ ಕೈಯಲ್ಲಿತ್ತು. ಸಣ್ಣ ಕೋಡ್ ಬದಲಾವಣೆಗಳ ಒಪ್ಪಿಗೆಯನ್ನು ಇಬ್ಬರು ಹಿರಿಯ ಎಂಜಿನಿಯರುಗಳಿಗೆ ಬಿಟ್ಟೆ. ಮಿಕ್ಕ ಪ್ರಶ್ನೆಗಳಿಗೆ ಹನ್ನೆರಡರಿಂದ ಹನ್ನೆರಡೂವರೆ, ಯಾರು ಬೇಕಾದರೂ ಬರಬಹುದು. ಈ ಅರ್ಧ ಗಂಟೆ ಇಲ್ಲದೆ ಬೆಳಗಿನ ಒಂದೂವರೆ ಗಂಟೆ ಉಳಿಯುವುದಿಲ್ಲ. ಯಾವಾಗ ಸಿಗುತ್ತೀರಿ ಎಂದು ಗೊತ್ತಿಲ್ಲದವರು ಈಗಲೇ ಕೇಳುತ್ತಾರೆ.

ನಿಜವಾದ ತುರ್ತಿಗೆ ಒಂದೇ ದಾರಿ, ಫೋನ್. ಚಾಟ್ ಮುಚ್ಚಿರುತ್ತೇನೆ. ತಾಯಂದಿರಿಗೆ ಇದೊಂದು ಹೇಳಲೇಬೇಕು: ಆಂಡ್ರಾಯ್ಡ್ ಫೋನಿನ Do Not Disturb ಹಾಕಿದರೂ ನಕ್ಷತ್ರ ಗುರುತು ಹಾಕಿದ ನಂಬರುಗಳ ಕರೆ ಬರುವಂತೆ ಇಡಬಹುದು. ಶಾಲೆ, ಮನೆ, ಇಬ್ಬರು ಸಹೋದ್ಯೋಗಿಗಳು, ಅಷ್ಟು ಸಾಕು. ಹಾಕಿದ ಮೇಲೆ ಒಮ್ಮೆ ಮನೆಯಿಂದ ಕರೆ ಮಾಡಿಸಿ ಪರೀಕ್ಷಿಸಿ.

ಮೇಲಿನವರೇ ಆ ಹೊತ್ತಿಗೆ ಮೀಟಿಂಗ್ ಇಟ್ಟರೆ? ಹೋಗುತ್ತೇನೆ. ಆದರೆ ಆ ಒಂದೂವರೆ ಗಂಟೆಯನ್ನು ಅಳಿಸುವುದಿಲ್ಲ, ಅದೇ ವಾರದ ಇನ್ನೊಂದು ದಿನಕ್ಕೆ ಎಳೆದು ಹಾಕುತ್ತೇನೆ. ಸತತ ಮೂರು ವಾರ ಹಾಗಾದರೆ, ದಿನಾಂಕಗಳನ್ನು ಮುಂದಿಟ್ಟು ಅವರೊಡನೆ ಮಾತಾಡುತ್ತೇನೆ. ಹೊಸ ಆವೃತ್ತಿ ಬಿಡುಗಡೆಯಾಗುವ ವಾರದಲ್ಲಿ ಮಾತ್ರ ಈ ಹೊತ್ತನ್ನು ಇಟ್ಟುಕೊಳ್ಳುವುದೇ ಇಲ್ಲ; ಆಗ ತಂಡಕ್ಕೆ ನಾನು ಕೈಗೆ ಸಿಗಬೇಕು.

ಆ ಶಿಫಾರಸನ್ನು ಸೋಮವಾರ ಮತ್ತು ಬುಧವಾರದ ಎರಡು ಬೆಳಗುಗಳಲ್ಲಿ ಬರೆದೆ. ಸೋಮವಾರ ಹಳೆಯ ದಾಖಲೆಗಳನ್ನು ಹುಡುಕುವಾಗ, ಮಾರ್ಚಿನಲ್ಲಿ ಅವಳು ಸದ್ದಿಲ್ಲದೆ ಸರಿಪಡಿಸಿದ್ದ ಒಂದು ದೋಷ ಕಣ್ಣಿಗೆ ಬಿತ್ತು. ಸಮಿತಿ ಹೆಚ್ಚು ಪ್ರಶ್ನೆ ಕೇಳಿದ್ದು ಅದರ ಬಗ್ಗೆಯೇ. ಅವಳಿಗೆ ಬಡ್ತಿ ಸಿಕ್ಕಿತು. ಈಗ ಅವಳೂ ನಾಲ್ಕು ಜನರ ತಂಡ ನೋಡಿಕೊಳ್ಳುತ್ತಾಳೆ, ಅವಳ ಕ್ಯಾಲೆಂಡರಿನಲ್ಲಿ ಮಂಗಳವಾರ ಬೆಳಿಗ್ಗೆ ನನಗೂ ಪ್ರವೇಶವಿಲ್ಲ.