ಕುದಿಸಿದರೆ ಹೋಗುವುದೇ? ಅಡುಗೆಗೆ ಬಿದ್ದ ಮದ್ಯದ ಲೆಕ್ಕ

ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಹಿರಿಯರು ಅಡುಗೆಮನೆಯ ರಸಾಯನಶಾಸ್ತ್ರದ ಬಗ್ಗೆ ಮಾತನಾಡಿ ಎಂದು ಕೇಳಿದಾಗ, ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಡಿಸೆಂಬರ್ ಬಂತೆಂದರೆ ಎದುರಾಗುತ್ತಿದ್ದ ಒಂದು ಪ್ರಶ್ನೆಯನ್ನೇ ಆರಿಸಿಕೊಂಡೆ. "ಮೇಡಂ, ಕೇಕಿಗೆ ರಮ್ ಹಾಕಿದ್ದಾರಂತೆ. ಬೇಯುವಾಗ ಅದೆಲ್ಲ ಹೋಗಿಬಿಡುತ್ತೆ ಅಲ್ವಾ?"

ಹೋಗಿಬಿಡುತ್ತದೆ ಎನ್ನುವವರ ತರ್ಕ ಸರಳ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಆಲ್ಕೋಹಾಲ್ ಕುದಿಯುವುದು 78ರಲ್ಲಿ. ಹಾಗಾದರೆ ನೀರು ಕುದಿಯುವ ಹೊತ್ತಿಗೆ ಆಲ್ಕೋಹಾಲ್ ಪೂರ್ತಿ ಹಾರಿಹೋಗಿರಬೇಕು. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿಟ್ಟರೆ ಈ ಮಾತು ನಿಜ. ಬೆರೆತ ಮೇಲೆ ಅವು ಒಂದೇ ದ್ರವ. ನೂರಕ್ಕೆ 12 ಭಾಗ ಆಲ್ಕೋಹಾಲ್ ಇರುವ ವೈನ್ ಕುದಿಯುವುದು ಸುಮಾರು 91 ಡಿಗ್ರಿಯಲ್ಲಿ, ಏಳುವ ಆವಿಯಲ್ಲಿ ಎರಡೂ ಇರುತ್ತವೆ. ಆ ಆವಿಯಲ್ಲಿ ಆಲ್ಕೋಹಾಲಿನ ಪಾಲು ಪಾತ್ರೆಯಲ್ಲಿರುವುದಕ್ಕಿಂತ ಹೆಚ್ಚು, ನಿಜ. ಆದರೆ ಪಾತ್ರೆಯಲ್ಲಿ ಅದು ಕಡಿಮೆಯಾದಂತೆ ಆವಿಯಲ್ಲೂ ಕಡಿಮೆಯಾಗುತ್ತ ಬರುತ್ತದೆ. ಕಳ್ಳಭಟ್ಟಿ ಇಳಿಸುವವರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು: ಮೊದಲು ಇಳಿದದ್ದು ಖಾರ, ಆಮೇಲಾಮೇಲೆ ಇಳಿದದ್ದು ಸಪ್ಪೆ. ಸಾರಿನ ಪಾತ್ರೆಯಲ್ಲೂ ನಡೆಯುವುದು ಇದೇ.

1992ರಲ್ಲಿ ಅಮೆರಿಕದಲ್ಲಿ ಜಾರ್ಗ್ ಆಗಸ್ಟಿನ್ ಮತ್ತು ಸಂಗಡಿಗರು ಇದನ್ನು ಊಹೆಗೆ ಬಿಡದೆ ಅಳೆದರು. ವೈನ್, ಬ್ರಾಂದಿ ಮುಂತಾದವು ಬೀಳುವ ಆರು ಅಡುಗೆಗಳನ್ನು ಮಾಡಿ, ಬೆಂದ ಮೇಲೆ ಪ್ರತಿಯೊಂದರಲ್ಲೂ ಎಷ್ಟು ಆಲ್ಕೋಹಾಲ್ ಉಳಿದಿದೆ ಎಂದು ನೋಡಿದರು. ಯಾವುದರಲ್ಲೂ ಸೊನ್ನೆ ಬರಲಿಲ್ಲ. ಎರಡೂವರೆ ಗಂಟೆ ಸಣ್ಣ ಉರಿಯಲ್ಲಿ ಬೆಂದ ಮಾಂಸದಲ್ಲಿ ಹಾಕಿದ್ದರ ಶೇ. 5ರಷ್ಟು ಉಳಿದಿತ್ತು. ಕುದಿಯುವ ಸಾಸಿಗೆ ಕೊನೆಯಲ್ಲಿ ಸುರಿದು ಒಲೆಯಿಂದ ಇಳಿಸಿದ್ದರಲ್ಲಿ ಶೇ. 85ರಷ್ಟು.

ನನ್ನನ್ನು ತಡೆದು ನಿಲ್ಲಿಸಿದ್ದು ಚೆರಿ ಹಣ್ಣಿನ ಮೇಲೆ ಬ್ರಾಂದಿ ಸುರಿದು ಬೆಂಕಿ ಹಚ್ಚುವ ತಿನಿಸು. ನೀಲಿ ಜ್ವಾಲೆ ಎದ್ದು ಆರುವುದನ್ನು ಕಂಡವರು, ಇದ್ದದ್ದೆಲ್ಲ ಉರಿದುಹೋಯಿತು ಎಂದುಕೊಳ್ಳುತ್ತಾರೆ. ಅಳತೆಯಲ್ಲಿ ಮುಕ್ಕಾಲು ಭಾಗ ಹಾಗೇ ಇತ್ತು. ಉರಿಯುವುದು ದ್ರವವಲ್ಲ, ಅದರ ಮೇಲೆ ತೇಲುವ ಆವಿ. ಆವಿ ಒಂದು ಮಟ್ಟಕ್ಕಿಂತ ತೆಳುವಾದೊಡನೆ ಬೆಂಕಿ ನಂದುತ್ತದೆ. ತಳದಲ್ಲಿ ಬ್ರಾಂದಿ ಇನ್ನೂ ಇರುತ್ತದೆ.

ಆ ಅಳತೆಗಳಿಂದ ಮುಂದೆ ಅಮೆರಿಕದ ಕೃಷಿ ಇಲಾಖೆ ಒಂದು ಕೋಷ್ಟಕ ಮಾಡಿತು. ಬೆರೆಸಿ 15 ನಿಮಿಷ ಬೇಯಿಸಿದರೆ ಶೇ. 40 ಉಳಿಯುತ್ತದೆ, ಒಂದು ಗಂಟೆಗೆ ಶೇ. 25, ಎರಡು ಗಂಟೆಗೆ ಶೇ. 10. ಈ ಅಂಕಿಗಳು ಎಲ್ಲ ಪಾತ್ರೆಗೂ ಒಂದೇ ಅಲ್ಲ. ಅಗಲ ಬಾಣಲೆಯಲ್ಲಿ ಮುಚ್ಚಳ ತೆಗೆದು ಬತ್ತಿಸಿದರೆ ಬೇಗ ಹೋಗುತ್ತದೆ. ಮುಚ್ಚಿಟ್ಟರೆ ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಮತ್ತೆ ಪಾತ್ರೆಗೇ ಬೀಳುತ್ತದೆ. ಗಡಿಯಾರಕ್ಕಿಂತ, ಸಾರು ಎಷ್ಟು ಬತ್ತಿತು ಎಂಬುದನ್ನು ನೋಡುವುದು ಮೇಲು.

ಈಗ ನಮ್ಮ ಪ್ಲಮ್ ಕೇಕಿಗೆ ಬರೋಣ. ಒಣದ್ರಾಕ್ಷಿ, ಚೆರಿಗಳನ್ನು ಒಂದು ಕ್ವಾರ್ಟರ್ ರಮ್ಮಿನಲ್ಲಿ, ಅಂದರೆ 180 ಮಿ.ಲೀ.ನಲ್ಲಿ, ನೆನೆಹಾಕಿದರು ಎನ್ನಿ. ಬಾಟಲಿಯ ಮೇಲೆ 42.8 ಎಂದಿದ್ದರೆ ಶುದ್ಧ ಆಲ್ಕೋಹಾಲ್ ಸುಮಾರು 77 ಮಿ.ಲೀ. ಒಲೆಯಲ್ಲಿ ಒಂದು ಗಂಟೆ ಬೆಂದಾಗ, ಕೋಷ್ಟಕದ ಅಂದಾಜಿನಂತೆ, 19 ಮಿ.ಲೀ. ಉಳಿಯುತ್ತದೆ. ಓವನ್ 160 ಡಿಗ್ರಿ ತೋರಿಸಿದರೂ ತೇವವಿರುವ ಕೇಕಿನ ಹೊಟ್ಟೆ 100 ದಾಟುವುದಿಲ್ಲ ಎಂಬುದನ್ನು ಮರೆಯಬಾರದು. 20 ಹೋಳು ಮಾಡಿದರೆ ಒಂದೊಂದಕ್ಕೆ ಒಂದು ಮಿ.ಲೀ. ಕೂಡ ಇಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೇಕು ಆರಿದ ಮೇಲೆ ಕಡ್ಡಿಯಿಂದ ಚುಚ್ಚಿ, ವಾರಕ್ಕೊಮ್ಮೆ ಎರಡು ದೊಡ್ಡ ಚಮಚ ರಮ್ "ಕುಡಿಸುವ" ರೂಢಿಯಿದೆ. ಮೂರು ವಾರಕ್ಕೆ 90 ಮಿ.ಲೀ., ಅದರಲ್ಲಿ ಸುಮಾರು 39 ಮಿ.ಲೀ. ಆಲ್ಕೋಹಾಲ್. ಇದು ಒಲೆಯನ್ನೇ ಕಂಡಿಲ್ಲ. ಬೆಂದು ಉಳಿದದ್ದಕ್ಕಿಂತ ಬೆಂದ ಮೇಲೆ ಸೇರಿದ್ದೇ ಎರಡರಷ್ಟು! ಬಿಗಿಯಾಗಿ ಸುತ್ತಿಟ್ಟ ಕೇಕಿನಿಂದ ಆವಿಯಾಗುವುದು ಸ್ವಲ್ಪವೇ. ಈಗ ಹೋಳೊಂದಕ್ಕೆ ಮೂರು ಮಿ.ಲೀ. ಹತ್ತಿರ ಆಲ್ಕೋಹಾಲ್, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಹೆಚ್ಚು ರಮ್.

ಹೆಚ್ಚಿನವರಿಗೆ ಇದರಿಂದ ಅಮಲೇರದು. ಆದರೆ ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರಿಗೆ ಇಷ್ಟರಿಂದಲೇ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿ ಬರಬಹುದು. ಧರ್ಮದ ಕಾರಣಕ್ಕೆ ಮುಟ್ಟದವರಿಗೆ ಒಂದು ಹನಿಯೂ ಬೇಡ. ಮೂಸಿ ನೋಡಿ ಹೇಳಲು ಬರುವುದಿಲ್ಲ: ಏಲಕ್ಕಿ, ಲವಂಗದ ಘಮದಲ್ಲಿ ಅದು ಅಡಗಿಕೊಳ್ಳುತ್ತದೆ, ರಮ್ ಎಸೆನ್ಸ್ ಹಾಕಿದ್ದರೆ ರಮ್ಮಿಲ್ಲದೆಯೂ ವಾಸನೆ ಬರುತ್ತದೆ. ಮಾಡಿದವರು ಬಾಯಿಬಿಟ್ಟು ಹೇಳಬೇಕು. ಮದ್ಯ ಮುಟ್ಟಬಾರದವರು ಮನೆಗೆ ಬರುವವರಿದ್ದರೆ ಹಣ್ಣನ್ನು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿ, ಬೇರೆಯದೇ ಒಂದು ಕೇಕು ಬೇಯಿಸಿಡಿ. ಅದು ತಿಂಗಳುಗಟ್ಟಲೆ ಇರದು, ವಾರದೊಳಗೆ ತಿಂದು ಮುಗಿಸಬೇಕು.