ಕಾಯಿ, ದೋರೆಗಾಯಿ, ಹಣ್ಣು



ಕಾಯಿ ಎಲ್ಲಿ ಮುಗಿದು ಹಣ್ಣು ಎಲ್ಲಿ ಮೊದಲಾಗುತ್ತದೆ ಎಂದು ನಮ್ಮ ಭಾಷೆ ಗೆರೆ ಎಳೆದು ಹೇಳಿಲ್ಲ. ನಡುವಿನ ಸ್ಥಿತಿಗೆ ದೋರೆಗಾಯಿ ಎಂಬ ಸೊಗಸಾದ ಹೆಸರು ಕೊಟ್ಟು ಸುಮ್ಮನಾಗಿದೆ. ಬಳಸುವವರು ಮನುಷ್ಯರಾಗಿರುವ ತನಕ ಇದರಿಂದ ತೊಂದರೆಯಿಲ್ಲ. ಆದರೆ ಚಲಿಸುವ ಪಟ್ಟಿಯ ಮೇಲೆ ಹರಿದುಬರುವ ಟೊಮೇಟೊಗಳನ್ನು ಯಂತ್ರವೊಂದು ಕ್ಯಾಮೆರಾದಿಂದ ನೋಡಿ ಎರಡು ಪಾಲು ಮಾಡಬೇಕಾದಾಗ ಗೆರೆ ಬೇಕಾಗುತ್ತದೆ. ಯಂತ್ರ ಕಲಿಯುವುದು ನಾವು ಹೆಸರು ಹಚ್ಚಿಕೊಟ್ಟ ಚಿತ್ರಗಳಿಂದ ಮಾತ್ರ. ಆದ್ದರಿಂದ ಆ ಚಿತ್ರಗಳನ್ನು ಕೂಡಿಸುವ ಬಗೆಯನ್ನೇ ಇಂದು ವಿಚಾರಿಸೋಣ.

ಕೋಲಾರದಂಥ ಮಾರುಕಟ್ಟೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದೂರದ ಊರಿಗೆ ಹೊರಡುವ ಲಾರಿಗೆ ಕಾಯಿ ಬೇಕು. ಹತ್ತಿರದ ಪೇಟೆಗೆ ಹಣ್ಣು ಬೇಕು. ಲಾರಿಗೆ ಹಣ್ಣು ಸೇರಿದರೆ ದಾರಿಯಲ್ಲೇ ಕೊಳೆತು ಪಕ್ಕದ ಕಾಯಿಯನ್ನೂ ಕೆಡಿಸುತ್ತದೆ; ನಷ್ಟ ಬೆಳೆದವನ ತಲೆಗೆ. ಅಮೆರಿಕದ ಕೃಷಿ ಇಲಾಖೆ ಟೊಮೇಟೊವಿನ ಮಾಗುವಿಕೆಯನ್ನು ಬಣ್ಣದ ಮೇಲೆ ಆರು ಹಂತಗಳಾಗಿ ವಿಂಗಡಿಸಿದೆ. ಪೂರ್ತಿ ಹಸಿರು ಮೊದಲನೆಯದು. ಬಣ್ಣ ತಿರುಗಿದ ಭಾಗ ನೂರಕ್ಕೆ 10ರ ಒಳಗಿದ್ದರೆ ಎರಡನೆಯದು, 30ರ ಒಳಗೆ ಮೂರನೆಯದು, 60ರ ಒಳಗೆ ನಾಲ್ಕನೆಯದು, 90ರ ಒಳಗೆ ಐದನೆಯದು, ಅದರಾಚೆಗೆ ಆರನೆಯದು. ನಾವು ಗೆರೆಯನ್ನು 30ಕ್ಕೆ ಎಳೆಯೋಣ. ಮೊದಲ ಮೂರು ಹಂತ ಕಾಯಿ, ಉಳಿದ ಮೂರು ಹಣ್ಣು.

ಈಗ ಸಮತೋಲದ ಮಾತು. ಕಡುಹಸಿರು 300, ಕಡುಗೆಂಪು 300 ತಂದರೆ ಲೆಕ್ಕವೇನೋ ಸರಿಸಮ. ಆದರೆ ಯಂತ್ರ ದೋರೆಗಾಯಿಯನ್ನು ಕಂಡೇ ಇರುವುದಿಲ್ಲ. ಅದು ತಪ್ಪುವುದೂ ಅಲ್ಲಿಯೇ. ಆದುದರಿಂದ ಆರೂ ಹಂತಗಳಿಂದ ತಲಾ 100 ತರಬೇಕು. ನಡುವಿನ ಹಂತಗಳು ಬೇಗ ದಾಟಿಹೋಗುವುದರಿಂದ ಅವನ್ನು ಹುಡುಕಿಯೇ ಆರಿಸಬೇಕು, ಅಂದೇ ಚಿತ್ರ ತೆಗೆಯಬೇಕು.

ಹೆಸರು ಹಚ್ಚುವವರು ಚಿತ್ರವನ್ನಲ್ಲ, ಹಣ್ಣನ್ನೇ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಬೇಕು. ಟೊಮೇಟೊ ಬಣ್ಣ ತಿರುಗುವುದು ಸಾಮಾನ್ಯವಾಗಿ ತೊಟ್ಟಿನ ಎದುರು ತುದಿಯಿಂದ. ತೊಟ್ಟಿನ ಕಡೆಯ ಒಂದೇ ಚಿತ್ರ ಅದನ್ನು ಕಾಯಿ ಎಂದು ಸಾರಿಬಿಡುತ್ತದೆ. ಅದಕ್ಕೇ ಪಟ್ಟಿಯ ಮೇಲಿನ ಉರುಳೆಗಳು ಹಣ್ಣನ್ನು ಹೊರಳಿಸುವಾಗ ನಾಲ್ಕು ಮಗ್ಗುಲಿನ ಚಿತ್ರ ತೆಗೆದು, ನಾಲ್ಕನ್ನೂ ಒಟ್ಟಿಗೆ ಒಂದು ಮಾದರಿಯಾಗಿ ಎಣಿಸಬೇಕು. ಇಬ್ಬರು ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಹಂತವನ್ನು ಬರೆಯಲಿ. ಇಬ್ಬರಿಗೂ ಹೊಂದದ ಹಣ್ಣುಗಳು ಬಹುಮಟ್ಟಿಗೆ ಗೆರೆಯ ಬಳಿಯವೇ ಆಗಿರುತ್ತವೆ. ಅವನ್ನು ಎಸೆಯದೆ ಮೂರನೆಯವರಿಗೆ ತೋರಿಸಿ ತೀರ್ಮಾನಿಸಬೇಕು. ಎಸೆದರೆ ದೋರೆಗಾಯಿ ಮತ್ತೆ ಮಾಯವಾಗುತ್ತದೆ.

ಎಣಿಕೆಗಿಂತ ಸೂಕ್ಷ್ಮವಾದ ಇನ್ನೊಂದು ಅಸಮತೋಲವಿದೆ. ಕಾಯಿಗಳನ್ನೆಲ್ಲ ಬೆಳಗ್ಗೆ, ಹಣ್ಣುಗಳನ್ನೆಲ್ಲ ಸಂಜೆ ಚಿತ್ರಿಸಿದಿರಿ ಎನ್ನಿ. ಯಂತ್ರ ಹಣ್ಣನ್ನು ಬಿಟ್ಟು ಬೆಳಕನ್ನು ಕಲಿಯುತ್ತದೆ. ಆದ್ದರಿಂದ ಪಟ್ಟಿಯ ಮೇಲೆ ಮುಚ್ಚಿದ ಪೆಟ್ಟಿಗೆ, ಒಂದೇ ದೀಪ, ಕ್ಯಾಮೆರಾ ತಾನಾಗಿ ಬೆಳಕು ಬಣ್ಣಗಳನ್ನು ಬದಲಿಸದ ವ್ಯವಸ್ಥೆ ಬೇಕು. ಆರೂ ಹಂತದವು ಬೆರೆತೇ ಸಾಗಬೇಕು. ಅನುಮಾನವಿದ್ದರೆ ಸುಲಭವಾದ ಪರೀಕ್ಷೆಯುಂಟು. ಪ್ರತಿ ಚಿತ್ರದಲ್ಲೂ ಹಣ್ಣಿನ ಜಾಗವನ್ನು ಒಂದೇ ಅಳತೆಯ ಕಪ್ಪು ಚೌಕದಿಂದ ಮುಚ್ಚಿ, ಉಳಿದ ಅಂಚಿನಿಂದಷ್ಟೇ ಕಲಿಯಲು ಯಂತ್ರಕ್ಕೆ ಬಿಡಿ. ಆಗಲೂ ಅದು ಅರ್ಧಕ್ಕಿಂತ ಬಹಳ ಹೆಚ್ಚು ಸರಿ ಹೇಳಿದರೆ ಹಿನ್ನೆಲೆ ಗುಟ್ಟು ಬಿಟ್ಟುಕೊಡುತ್ತಿದೆಯೆಂದೇ ಅರ್ಥ.

ಕೊನೆಯದು ಪರೀಕ್ಷೆಯ ಪ್ರಾಮಾಣಿಕತೆ. ಪ್ರತಿ ಹಣ್ಣನ್ನೂ ಮೂರು ಸಲ ಪಟ್ಟಿಯ ಮೇಲೆ ಹಾಯಿಸಿದರೆ 1800 ಮಾದರಿಗಳಾದವು. ಪರೀಕ್ಷೆಗೆಂದು ತೆಗೆದಿಡುವಾಗ ಮಾದರಿಗಳನ್ನು ಎಣಿಸದೆ ಹಣ್ಣುಗಳನ್ನು ಎಣಿಸಬೇಕು. ಹಂತಕ್ಕೆ 20ರಂತೆ 120 ಹಣ್ಣು, ಅವುಗಳ 360 ಮಾದರಿಗಳ ಸಹಿತ, ಪ್ರತ್ಯೇಕ. ಒಂದೇ ಹಣ್ಣು ಎರಡು ಕಡೆಯೂ ಇದ್ದರೆ ಯಂತ್ರ ಗುರುತಿನವರನ್ನೇ ಕಂಡು ಜಾಣನೆನಿಸಿಕೊಳ್ಳುತ್ತದೆ.

ಅದಾದ ಮೇಲೆ ನಿಜವಾದ ಒಂದು ದಿನದ ಪಟ್ಟಿಯ ಮೇಲೂ ನೋಡಬೇಕು. ಅಲ್ಲಿ ಸಮತೋಲವಿರುವುದಿಲ್ಲ. ಅಂದು ಬಂದ 1000ದಲ್ಲಿ 900 ಹಣ್ಣಾಗಿದ್ದರೆ, ಕಣ್ಣುಮುಚ್ಚಿ ಎಲ್ಲವನ್ನೂ ಹಣ್ಣೆನ್ನುವ ಯಂತ್ರಕ್ಕೂ ನೂರಕ್ಕೆ 90 ಅಂಕ. ಆದರೆ ಲಾರಿಗೆ ಒಂದು ಕಾಯಿಯೂ ಸಿಗಲಿಲ್ಲ. ಆದುದರಿಂದ ಕಾಯಿಗಳಲ್ಲಿ ಎಷ್ಟು ಸರಿ, ಹಣ್ಣುಗಳಲ್ಲಿ ಎಷ್ಟು ಸರಿ ಎಂದು ಎರಡು ಅಂಕ ಬೇರೆಬೇರೆಯಾಗಿ ಕೇಳಬೇಕು.

ಇಷ್ಟಾದರೂ ಈ ಸಂಗ್ರಹ ಶಾಶ್ವತವಲ್ಲ. ತಳಿ ಬದಲಾದರೆ, ಮಳೆಗೆ ನೆಂದ ಸಿಪ್ಪೆ ಹೊಳೆದರೆ, ದೀಪ ಮಂಕಾದರೆ ಹೊಸ ಚಿತ್ರಗಳನ್ನು ಸೇರಿಸಲೇಬೇಕು. ಗೆರೆಯನ್ನು 30ರಿಂದ 60ಕ್ಕೆ ಸರಿಸಬೇಕಾದರೆ ಮಾತ್ರ ಹೊಸದಾಗಿ ಹೆಸರು ಹಚ್ಚಬೇಕಿಲ್ಲ. ನಾವು ಬರೆದಿಟ್ಟದ್ದು ಬರಿಯ ಕಾಯಿ, ಹಣ್ಣು ಎಂದಲ್ಲ, ಹಂತವನ್ನು. ನಡುವಿನ ಹೆಸರುಗಳನ್ನು ಕಳೆದುಕೊಳ್ಳದೆ ಇಟ್ಟುಕೊಂಡದ್ದರ ಲಾಭ ಅದು.