ಮೂರು ಬಂದರೆ ಫೇಲ್ ಅಲ್ಲ: ಅಪ್ರೈಸಲ್ ಫಾರ್ಮ್ ಓದೋದು ಹೇಗೆ

ಇವತ್ತು ಒಂದೇ ಒಂದು ಫಾರ್ಮಿನ ಕಥೆ ಹೇಳ್ತೀನಿ. ನಾನು ಐರೋಲಿಯಲ್ಲಿ ಒಂದು ಟೀಮಿಗೆ ಮ್ಯಾನೇಜರ್. ಟೀಮಲ್ಲಿ ಧಾರವಾಡ ಕಡೆಯ ಒಬ್ಬ ಹುಡುಗ ಇದ್ದಾನೆ, ಡೊಂಬಿವಲಿಯಲ್ಲಿ ಮನೆ, ಗೃಹಸಾಲ ಬೇರೆ. ಹೆಸರು ಬೇಡ. ರೇಟಿಂಗ್ ಬಂದ ದಿನ ಟಪರಿಯಲ್ಲಿ ಕಟಿಂಗ್ ಚಹಾ ಹಿಡಿದುಕೊಂಡು, "ಸರ, ಐದಕ್ಕ ಮೂರು ಅಂದ್ರ ಅರವತ್ತು ಪರ್ಸೆಂಟ್. ನಾ ಪೇಪರ್ ಹಾಕ್ತೀನ್ರಿ" ಅಂದ.

"ತಡೀಯಪ್ಪಾ, ಮೊದಲು ಫಾರ್ಮ್ ತೆಗಿ" ಅಂದೆ. ಮೊಬೈಲಿನಲ್ಲೇ ತೆಗೆದ.

ಮೊದಲನೆಯದು ರೇಟಿಂಗ್. ಇದು ಪರೀಕ್ಷೆಯ ಅಂಕ ಅಲ್ಲ. ನಮ್ಮಲ್ಲಿ ಮೂರು ಅಂದರೆ "ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್", ಒಪ್ಪಿಸಿದ ಕೆಲಸ ಒಪ್ಪುವ ಹಾಗೆ ಮಾಡಿದ್ದಾನೆ ಅಂತ. ಟೀಮಿನ ಹೆಚ್ಚಿನವರು ಇಲ್ಲೇ ಬರ್ತಾರೆ. ಎರಡು ಬಂದರೆ ಚಿಂತೆ ಮಾಡಬೇಕು.

ಆದರೆ ಅವನ ಫಾರ್ಮಲ್ಲಿ ಒಂದು ವಿಚಿತ್ರ ಇತ್ತು. ಅಂಕೆ ಮೂರು, ನಾನು ಬರೆದ ಕಾಮೆಂಟ್ ಮಾತ್ರ ನಾಲ್ಕರದ್ದು. ಇಂಥ ಹೊಂದಿಕೆ ಇಲ್ಲದ ಫಾರ್ಮ್ ನಿಮ್ಮ ಕೈಗೂ ಬಂದರೆ, ರೇಟಿಂಗ್ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಇಳಿದಿರುವ ಸಾಧ್ಯತೆ ಹೆಚ್ಚು. ಆ ಮೀಟಿಂಗಲ್ಲಿ ಎಲ್ಲ ಮ್ಯಾನೇಜರುಗಳೂ ಕೂತು, ಯಾರಿಗೆ ನಾಲ್ಕು ಅಂತ ವಾದ ಮಾಡ್ತಾರೆ. ಅಂಕೆ ಬದಲಾಗುತ್ತೆ, ಮೊದಲು ಬರೆದ ಕಾಮೆಂಟನ್ನು ಯಾರೂ ತಿದ್ದೋದಿಲ್ಲ. ಅವನಿಗೂ ಹಾಗೇ ಆಗಿತ್ತು. ನಾನು ನಾಲ್ಕು ಕೊಟ್ಟಿದ್ದೆ, ಉಳಿಸಿಕೊಳ್ಳೋಕೆ ಆಗಲಿಲ್ಲ.

ಯಾಕೆ ಆಗಲಿಲ್ಲ? ಅಲ್ಲಿ ಕೂತ ಬೇರೆಯವರಿಗೆ ಇವನ ಪರಿಚಯ ಇಲ್ಲ. ಅವರ ಮುಂದೆ ಇರೋದು ಫಾರ್ಮ್ ಮಾತ್ರ. ಇವನು ಸೆಲ್ಫ್ ಅಪ್ರೈಸಲ್‌ನಲ್ಲಿ ಎಲ್ಲ ಗೋಲ್‌ಗೂ ಐದು ಹಾಕಿ, ಕೆಳಗೆ "ಎಲ್ಲ ಕೆಲಸ ಸಮಯಕ್ಕೆ ಮುಗಿಸಿದ್ದೇನೆ" ಅಂತ ಒಂದೇ ಸಾಲು ಬರೆದಿದ್ದ. ರಾತ್ರಿ ಆರು ಗಂಟೆ ಓಡುತ್ತಿದ್ದ ಬ್ಯಾಚ್ ಜಾಬನ್ನು ಒಂದೂವರೆ ಗಂಟೆಗೆ ಇಳಿಸಿದ್ದು ಇವನೇ. ಅದು ಫಾರ್ಮಲ್ಲೇ ಇಲ್ಲ! ನಾನೂ "ಹಾರ್ಡ್ ವರ್ಕಿಂಗ್, ಡಿಪೆಂಡಬಲ್" ಅಂತ ಬರೆದಿದ್ದೆ. ಅಂಥ ಹೊಗಳಿಕೆ ಮೀಟಿಂಗಲ್ಲಿ ನಿಲ್ಲೋದಿಲ್ಲ. ತಪ್ಪು ನನ್ನದೂ ಇತ್ತು, ಅವನಿಗೆ ಹೇಳಿದೆ.

ಇನ್ನು ದುಡ್ಡು. ಅವನ ಸಿಟಿಸಿ 12 ಲಕ್ಷ. ಅದರಲ್ಲಿ ಫಿಕ್ಸೆಡ್ 10.8 ಲಕ್ಷ, ಉಳಿದದ್ದು ವೇರಿಯಬಲ್. ಇನ್‌ಕ್ರಿಮೆಂಟ್ 6 ಪರ್ಸೆಂಟ್, ಅದೂ ಫಿಕ್ಸೆಡ್ ಮೇಲೆ ಮಾತ್ರ. ಅಂದರೆ ವರ್ಷಕ್ಕೆ 64,800, ತಿಂಗಳಿಗೆ 5,400. ಅವನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಕಲ್ಯಾಣದ ಗೆಳೆಯನಿಗೂ ಮೂರೇ ಬಂದಿತ್ತು, ಆದರೆ 9 ಪರ್ಸೆಂಟ್.

ಇಲ್ಲೇ ಬಹಳ ಜನ ಎಡವೋದು. ಪರ್ಸೆಂಟ್ ನಿರ್ಧಾರ ಆಗೋದು ರೇಟಿಂಗ್ ಒಂದರಿಂದ ಅಲ್ಲ. ನಿಮ್ಮ ಗ್ರೇಡಿಗೆ ಒಂದು ಸಂಬಳದ ಪಟ್ಟಿ ಇರುತ್ತೆ, ಅದರ ನಡುಮಟ್ಟಕ್ಕಿಂತ ನೀವು ಮೇಲಿದ್ದೀರಾ ಕೆಳಗಿದ್ದೀರಾ ಅಂತಲೂ ನೋಡ್ತಾರೆ. ಇವನು ಎರಡು ವರ್ಷದ ಹಿಂದೆ ಕಂಪನಿ ಬದಲಿಸುವಾಗ ದೊಡ್ಡ ಹೈಕ್ ತಗೊಂಡು ಬಂದವನು, ನಡುಮಟ್ಟಕ್ಕಿಂತ ಮೇಲೆ. ಗೆಳೆಯನ ಫಿಕ್ಸೆಡ್ 7.2 ಲಕ್ಷ, ಕೆಳಗೆ. 7.2 ಲಕ್ಷಕ್ಕೆ 9 ಪರ್ಸೆಂಟ್ ಎಷ್ಟು? ಅದೂ 64,800! ಚಹಾದಂಗಡಿಯಲ್ಲೇ ಕ್ಯಾಲ್ಕುಲೇಟರ್ ಒತ್ತಿ ನೋಡಿ ಸುಮ್ಮನಾದ.

ನಾಲ್ಕು ಉಳಿದಿದ್ದರೆ ಅವನಿಗೆ 8 ಪರ್ಸೆಂಟ್ ಬರುತ್ತಿತ್ತು, ತಿಂಗಳಿಗೆ 1,800 ಹೆಚ್ಚು. ಕಳಕೊಂಡದ್ದು ಅಷ್ಟು. ಚಿಕ್ಕದಲ್ಲ, ಯಾಕಂದ್ರೆ ಮುಂದಿನ ವರ್ಷದ ಪರ್ಸೆಂಟೂ ಈ ಮೊತ್ತದ ಮೇಲೇ ಕೂಡುತ್ತೆ.

ಇನ್ನೊಂದು ಮಾತು, ಆ 5,400 ಪೂರ್ತಿ ಕೈಗೆ ಬರೋದಿಲ್ಲ. ಬೇಸಿಕ್ ಅರ್ಧ ಅಂದುಕೊಂಡರೆ ಏರಿಕೆ 2,700. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಹಿಡಿಯುವ ಕಂಪನಿಯಲ್ಲಿ ನಿಮ್ಮ ಪಾಲು 324, ಕಂಪನಿ ಪಾಲನ್ನೂ ಸಿಟಿಸಿಯಲ್ಲೇ ಸೇರಿಸಿದ್ದರೆ ಇನ್ನೂ 324, ಗ್ರ್ಯಾಚುಟಿ ಸುಮಾರು 130. ತೆರಿಗೆಗೆ ಮುಂಚೆ ಉಳಿಯೋದು 4,622. ಇಎಂಐ ಲೆಕ್ಕ ಈ ಅಂಕೆ ಇಟ್ಟುಕೊಂಡು ಹಾಕಿ.

"ಈಗ ಏನ್ ಮಾಡ್ಲಿ ಸರ?" ಅಂದ. ಫಾರ್ಮಿನ ಕೊನೆಗೆ ಉದ್ಯೋಗಿಯ ಕಾಮೆಂಟಿಗೆ ಒಂದು ಡಬ್ಬಿ ಇದೆ, ನಮ್ಮಲ್ಲಿ ಏಳು ದಿನ ತೆರೆದಿರುತ್ತೆ. "ಅನ್ಯಾಯ" ಅಂತ ಬರೀಬೇಡ, ಬ್ಯಾಚ್ ಜಾಬ್ ಮೊದಲೆಷ್ಟು ಈಗೆಷ್ಟು, ಯಾವ ತಿಂಗಳು, ಅಷ್ಟು ಬರಿ ಅಂದೆ. ಬಟನ್ ಒತ್ತುವ ಮುಂಚೆ ಅಲ್ಲಿರೋದು "ಅಕ್ನಾಲೆಜ್" ಅಂತಾನೋ "ಅಗ್ರೀ" ಅಂತಾನೋ ನೋಡ್ಕೋ ಅಂತಲೂ ಹೇಳಿದೆ. ಮೊದಲನೆಯದು ಓದಿದೆ ಅಂತ, ಎರಡನೆಯದು ಒಪ್ಪಿದೆ ಅಂತ.

ಡೊಂಬಿವಲಿಗೆ ಹೋಗೋ ಲೋಕಲ್‌ನಲ್ಲೇ ನಾಲ್ಕು ಸಾಲು ಬರೆದು ಕಳಿಸಿದ. ರೇಟಿಂಗ್ ಬದಲಾಗಲಿಲ್ಲ. ಆದರೆ ಅವನ ಈ ವರ್ಷದ ಗೋಲ್‌ನಲ್ಲಿ ಇದ್ದ "ಸಪೋರ್ಟ್ ಕೊಡುವುದು" ಅನ್ನೋದನ್ನು ತೆಗೆದು, ಇನ್ನೆರಡು ಜಾಬ್‌ಗಳ ಹೆಸರು, ಗಂಟೆ, ಕೊನೆಯ ತಾರೀಖು ಹಾಕಿದ್ದೀವಿ. ತಿಂಗಳ ಕೊನೆಗೆ ಏನೇನು ಮುಗೀತು ಅಂತ ನನಗೊಂದು ಮೇಲ್ ಹಾಕ್ತಾನೆ. ಮೂರು ಬಂದಿವೆ.